ಅಕ್ಷರ ಹಿಗ್ಗಿಸುವ ಮೊದಲು ಸಾಲು ನೋಡಿ

ದೃಷ್ಟಿ ಮಂದವಾದ ಹಿರಿಯರ ಕಂಪ್ಯೂಟರುಗಳನ್ನು ಓದಲು ಬರುವಂತೆ ಹೊಂದಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಇಲ್ಲಿನ ಪಾಠಗಳಲ್ಲಿ ಹೆಚ್ಚಿನವು ಒಬ್ಬ ನಿವೃತ್ತ ಮೇಷ್ಟ್ರ ಲ್ಯಾಪ್‌ಟಾಪಿನ ಮುಂದೆ ಕಲಿತವು. 1366×768 ಪರದೆ, ವಿಂಡೋಸ್, ಫೈರ್‌ಫಾಕ್ಸ್. ಸಕ್ಕರೆ ಕಾಯಿಲೆ ಅವರ ಕಣ್ಣಿಗೂ ಇಳಿದಿದೆ. ಅವರಿಗೆ ಬೇಕಾದದ್ದು ದಿನದ ಸುದ್ದಿ, ಪಿಂಚಣಿ ಜಮೆಯಾಗುವ ಬ್ಯಾಂಕಿನ ಪುಟ, ಮತ್ತೆ ಉದ್ದನೆಯ ಲೇಖನಗಳು.

1. "ಕಾಣುತ್ತಾ?" ಎಂದು ಕೇಳಬೇಡಿ, ಓದಿಸಿ.

ಕಾಣುತ್ತಾ ಎಂದರೆ ಯಾರಾದರೂ ಹೂಂ ಅನ್ನುತ್ತಾರೆ, ಸಂಕೋಚಕ್ಕೆ. ಅವರು ದಿನಾ ಕೂರುವ ಕುರ್ಚಿಯಲ್ಲೇ ಕೂರಿಸಿ, ದಿನಾ ಹಾಕುವ ಕನ್ನಡಕವನ್ನೇ ಹಾಕಿಸಿ, ಐದಾರು ಸಾಲು ಗಟ್ಟಿಯಾಗಿ ಓದಿಸಬೇಕು. ಕನ್ನಡದಲ್ಲಿ ಮೊದಲು ಕೈಕೊಡುವುದು ಅಡಿಯ ಸಣ್ಣ ಸೀಳು ಮತ್ತು ಒತ್ತಕ್ಷರ. ದನ–ಧನ, ಬಾರಿ–ಭಾರಿ ಮುಂತಾದ ಜೋಡಿಗಳನ್ನು ಅರ್ಥದ ಸಹಾಯವಿಲ್ಲದೆ ಬಿಡಿಬಿಡಿಯಾಗಿ ಓದಿಸಿದರೆ ಗಾತ್ರ ಸಾಕೋ ಸಾಲದೋ ತಿಳಿಯುತ್ತದೆ. ಪೂರ್ತಿ ವಾಕ್ಯ ಕೊಟ್ಟರೆ ಮೇಷ್ಟ್ರಂಥವರು ಊಹಿಸಿಕೊಂಡೇ ಓದಿಬಿಡುತ್ತಾರೆ.

2. ಝೂಮ್ ಅಂದರೆ ಅಗಲದ ಲೆಕ್ಕ.

`Ctrl` ಮತ್ತು `+` ಒತ್ತಿದಾಗ ಅಕ್ಷರ ಹಿಗ್ಗುತ್ತದೆ, ಪುಟಕ್ಕೆ ಸಿಗುವ ಅಗಲ ಕುಗ್ಗುತ್ತದೆ. 1366 ಪಿಕ್ಸೆಲ್ ಅಗಲದ ಪರದೆ 150%ಗೆ ಬಂದಾಗ ಪುಟದ ಪಾಲಿಗೆ ಸುಮಾರು 910 ಪಿಕ್ಸೆಲ್. 170%ಗೆ 803, 200%ಗೆ 683.

ಇದು ಯಾಕೆ ಮುಖ್ಯವೆಂದರೆ, ಈಗಿನ ಬಹುತೇಕ ತಾಣಗಳು ಒಂದು ಅಗಲಕ್ಕಿಂತ ಕೆಳಗೆ ಬಂದರೆ ಮೊಬೈಲ್ ವಿನ್ಯಾಸಕ್ಕೆ ಹೊರಳುತ್ತವೆ. ಆ ಗಡಿ ಹಲವೆಡೆ 768 ಪಿಕ್ಸೆಲ್. ಮೇಷ್ಟ್ರ ಸುದ್ದಿ ತಾಣದಲ್ಲಿ 170% ಇಟ್ಟಾಗ ಸುದ್ದಿಯೂ ಪಕ್ಕದ ಪಟ್ಟಿಯೂ ಒಂದರ ಪಕ್ಕ ಒಂದು ಇರುಕಿಕೊಂಡು, ಸಾಲಿಗೆ ಮೂರೇ ಪದ ಉಳಿದವು. "ಅಕ್ಷರ ದೊಡ್ಡದಾಯ್ತಪ್ಪ, ಸಾಲೇ ಸಿಗ್ತಿಲ್ಲ" ಅಂದರು. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹಿಂದಕ್ಕೆ, 150%ಗೆ ಹೋಗುತ್ತದೆ. ಹೋಗಬೇಕಾದದ್ದು ಮುಂದಕ್ಕೆ. 200% ಮಾಡಿದೊಡನೆ ಪುಟ 768ರ ಗಡಿ ದಾಟಿ ಒಂದೇ ಕಾಲಮ್ಮಿಗೆ ಬಂತು, ಪಕ್ಕದ ಪಟ್ಟಿ ಸುದ್ದಿಯ ಕೆಳಕ್ಕೆ ಜಾರಿತು, ಸಾಲು ಪರದೆಯ ಅಗಲಕ್ಕೆ ಹರಡಿಕೊಂಡಿತು. ಮೇಲಿನ ಮೆನು ಮಾತ್ರ ಮೂರು ಗೆರೆಯ ಗುಂಡಿಯಾಗಿ ಮಡಚಿಕೊಳ್ಳುತ್ತದೆ. ಅದನ್ನು ತೋರಿಸಿಕೊಡದಿದ್ದರೆ "ಕ್ರೀಡೆ ಎಲ್ಹೋಯ್ತು?" ಎಂದು ಸಂಜೆಗೇ ಫೋನ್ ಬರುತ್ತದೆ.

ಹಿಂದೆ ಸರಿಯಬೇಕಾದ ಗುರುತು ಎರಡು. ಒಂದು, ಕೆಳಗೆ ಅಡ್ಡ ಸ್ಕ್ರೋಲ್ ಪಟ್ಟಿ ಕಾಣಿಸಿಕೊಳ್ಳುವುದು. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತ ಯಾರೂ ಓದಲಾರರು. ಇನ್ನೊಂದು, ತಲೆಯ ಪಟ್ಟಿ ಜಾಗ ಬಿಟ್ಟು ಕದಲದೆ ಅರ್ಧ ಪರದೆ ನುಂಗುವುದು. 768ರ ಎತ್ತರಕ್ಕೆ ಇದು ಆಗಾಗ ಆಗುವಂಥದ್ದೇ.

3. ಎಲ್ಲ ತಾಣಕ್ಕೂ ಒಂದೇ ಅಳತೆ ಬೇಡ, ಆದರೆ ತಳದ ಅಳತೆ ಒಂದಿರಲಿ.

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ `General` ಪುಟದಲ್ಲಿ `Default zoom` ಇದೆ. ಮೇಷ್ಟ್ರಿಗೆ ಅದನ್ನು 150% ಮಾಡಿದೆ. ಅದರ ಮೇಲೆ ಯಾವ ತಾಣದಲ್ಲಿ ಕೂಡಿಸಿದರೂ ಕಳೆದರೂ ಫೈರ್‌ಫಾಕ್ಸ್ ಆ ತಾಣಕ್ಕಷ್ಟೇ ನೆನಪಿಟ್ಟುಕೊಳ್ಳುತ್ತದೆ. ಸುದ್ದಿಗೆ 200%, ಬ್ಯಾಂಕಿಗೆ 133%. ಬ್ಯಾಂಕಿನ ಪುಟ ಹಳೆಯ ಕಾಲದ ಗಟ್ಟಿ ಅಗಲದ್ದು, ಮೊಬೈಲ್ ವಿನ್ಯಾಸಕ್ಕೆ ಹೊರಳುವುದಿಲ್ಲ. 150%ರಲ್ಲೇ ಮೊತ್ತದ ಕಾಲಮ್ ಬಲಗಡೆ ಪರದೆಯಾಚೆ ಹೋಗುತ್ತಿತ್ತು.

ತಳದ ಅಳತೆಗಿಂತ ಬೇರೆ ಇರುವ ತಾಣದಲ್ಲಿ ವಿಳಾಸ ಪಟ್ಟಿಯೊಳಗೆ ಶೇಕಡಾ ಅಂಕಿ ಕಾಣುತ್ತದೆ. ಅದನ್ನು ಒತ್ತಿದರೆ ತಳದ ಅಳತೆಗೆ ಮರಳುತ್ತದೆ. ಕ್ರೋಮ್ ಬಳಸುವವರಿಗೆ `chrome://settings/content/zoomLevels` ಎಂಬಲ್ಲಿ ಬದಲಿಸಿದ ತಾಣಗಳ ಪಟ್ಟಿಯೇ ಸಿಗುತ್ತದೆ.

4. ಕನಿಷ್ಠ ಅಕ್ಷರ ಗಾತ್ರ ಲಿಪಿಗೊಂದು.

ಝೂಮ್ ಪುಟದಲ್ಲಿರುವುದನ್ನೆಲ್ಲ ಸಮನಾಗಿ ಹಿಗ್ಗಿಸುತ್ತದೆ. ಚಿತ್ರದಡಿಯ ಸಾಲು, ದಿನಾಂಕ, ಬ್ಯಾಂಕಿನ ಷರತ್ತುಗಳು ಮೊದಲೇ ಇರುವೆ ಗಾತ್ರದವು, ಹಿಗ್ಗಿದರೂ ಸಾಲುವುದಿಲ್ಲ. ಅವನ್ನಷ್ಟೇ ಮೇಲೆತ್ತುವುದು `Minimum font size`. ಫೈರ್‌ಫಾಕ್ಸ್‌ನಲ್ಲಿ `Fonts` ಭಾಗದ `Advanced` ಗುಂಡಿ ಒತ್ತಿದರೆ ಸಿಗುತ್ತದೆ.

ಆ ಕಿಟಕಿಯ ತಲೆಯಲ್ಲೇ `Fonts for` ಎಂಬ ಪಟ್ಟಿ ಇದೆ. ಅದನ್ನು ಗಮನಿಸದೆ `Latin` ಎಂದಿರುವಾಗಲೇ ಗಾತ್ರ ಕೊಟ್ಟು ಮುಚ್ಚಿದರೆ ಇಂಗ್ಲಿಷ್ ಪುಟ ಮಾತ್ರ ಬದಲಾಗಿ ಕನ್ನಡ ಇದ್ದಲ್ಲೇ ಇರುತ್ತದೆ. ಪಟ್ಟಿಯಲ್ಲಿ `Kannada` ಆರಿಸಿ ಮತ್ತೆ ಕೊಡಬೇಕು. ಅಷ್ಟಾದರೂ ಕೆಲವು ಕನ್ನಡ ಪುಟ ಜಗ್ಗುವುದಿಲ್ಲ. ಪುಟ ಕಟ್ಟಿದವರು ಅದರ ಭಾಷೆಯನ್ನು ಇಂಗ್ಲಿಷ್ ಎಂದು ನಮೂದಿಸಿದ್ದರೆ ಬ್ರೌಸರ್ ನಂಬುವುದು ಆ ನಮೂದನ್ನು, ಕಣ್ಣೆದುರಿನ ಲಿಪಿಯನ್ನಲ್ಲ. ಹಾಗಾಗಿ `Latin`, `Kannada`, `Other Writing Systems` ಮೂರಕ್ಕೂ ಒಂದೇ ಅಂಕಿ ಕೊಡುತ್ತೇನೆ.

ಯಾವ ಅಂಕಿ? ಮೇಷ್ಟ್ರಿಗೆ 16. ಇದನ್ನು 24, 28ಕ್ಕೆ ಏರಿಸಿ ಝೂಮನ್ನೇ ಬಿಟ್ಟುಬಿಡುವವರಿದ್ದಾರೆ. ಆಗ ಶೀರ್ಷಿಕೆಯೂ ಸುದ್ದಿಯೂ ಒಂದೇ ಎತ್ತರಕ್ಕೆ ಬಂದು ಪುಟದ ಮುಖವೇ ಅಳಿಸಿಹೋಗುತ್ತದೆ, ಗುಂಡಿಗಳ ಮೇಲಿನ ಬರಹ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕ್ರೋಮ್‌ನಲ್ಲಿ ಇನ್ನೊಂದು ತೊಂದರೆ: ಸಾಲಿನ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಗಟ್ಟಿ ಮಾಡಿಟ್ಟ ಪುಟದಲ್ಲಿ ಅಕ್ಷರ ಬೆಳೆದರೂ ಸಾಲು ಬೆಳೆಯುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರೆ ಇದು ಕಣ್ಣಿಗೆ ಬೀಳುವುದೇ ಕಡಿಮೆ.

5. ರೀಡರ್ ಮೋಡ್ ಲೇಖನಕ್ಕೆ, ಪಟ್ಟಿಗಲ್ಲ.

ಫೈರ್‌ಫಾಕ್ಸ್‌ನಲ್ಲಿ `F9` ಒತ್ತಿದರೆ ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಕಳಚಿ ಬರಹವೊಂದೇ ಉಳಿಯುತ್ತದೆ. ಅಕ್ಷರದ ಗಾತ್ರ, ಸಾಲಿನ ಅಂತರ, ಹಿನ್ನೆಲೆ ಬಣ್ಣ ಒಮ್ಮೆ ಹೊಂದಿಸಿದರೆ ಮುಂದಿನ ಲೇಖನಕ್ಕೂ ಅದೇ. ಮೇಷ್ಟ್ರಿಗೆ ಬಿಳಿ ಹಿನ್ನೆಲೆ ಕಣ್ಣು ಕುಕ್ಕುತ್ತದೆ, ಕಪ್ಪಿನ ಮೇಲೆ ಬಿಳಿ ಇಟ್ಟೆವು. ಪೊರೆ ಬಂದವರಲ್ಲಿಯೂ ಇದನ್ನೇ ಮೆಚ್ಚುವವರುಂಟು, ಆದರೆ ಕೇಳಿಯೇ ಹೊಂದಿಸಬೇಕು.

ಮುಖಪುಟದಲ್ಲಿ ರೀಡರ್ ಗುರುತು ಬರುವುದಿಲ್ಲ. ಅಲ್ಲಿರುವುದು ಬರೀ ಶೀರ್ಷಿಕೆಗಳ ಸಾಲು, ಬ್ರೌಸರಿಗೆ ಬೇಕಾದದ್ದು ಉದ್ದನೆಯ ಪ್ಯಾರಾಗಳು. ಒಂದು ಸುದ್ದಿಯ ಒಳಹೊಕ್ಕ ಮೇಲೆ ಒತ್ತಬೇಕು.

ನಾನು ಎಚ್ಚರಿಸುವುದು ಬೇರೆಯದಕ್ಕೆ. ಯಾವುದು ಲೇಖನ, ಯಾವುದು ಕಸ ಎಂದು ರೀಡರ್ ಮೋಡ್ ಅಂದಾಜಿನಲ್ಲಿ ಆರಿಸುತ್ತದೆ. ಮಾರುಕಟ್ಟೆ ದರದ ಕೋಷ್ಟಕ, ಚೌಕಟ್ಟಿನೊಳಗಿನ ದಿನಾಂಕ, ಚಿತ್ರದಡಿಯ ಸಾಲು ಕೆಲವೊಮ್ಮೆ ಕಸದ ಪಾಲಾಗುತ್ತವೆ. ಬಿಟ್ಟ ಜಾಗ ಖಾಲಿಯಾಗಿ ಕಾಣುವುದಿಲ್ಲ, ಬರಹ ಕೂಡಿಕೊಂಡೇ ಇರುತ್ತದೆ. "ಕೆಳಗಿನ ಪಟ್ಟಿಯಂತೆ" ಎಂದಿದ್ದು ಕೆಳಗೆ ಪಟ್ಟಿ ಇಲ್ಲದಿದ್ದರೆ ಮತ್ತೆ `F9` ಒತ್ತಿ ಮೂಲ ಪುಟ ನೋಡಬೇಕು. ಹಣ, ಔಷಧ, ಕೊನೆಯ ದಿನಾಂಕದ ವಿಷಯವಾದರೆ ಮೂಲ ಪುಟದಲ್ಲೇ ಓದಬೇಕು.

ಹಳೆಯ ನುಡಿ, ಬರಹ ಫಾಂಟುಗಳ ಕಾಲದ, ಯೂನಿಕೋಡ್ ಅಲ್ಲದ ಪುಟಗಳದು ಇನ್ನೊಂದು ಕಥೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟು. ರೀಡರ್ ಮೋಡ್ ತನ್ನದೇ ಫಾಂಟು ಹಾಕಿದೊಡನೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅಂಥಲ್ಲಿ ಝೂಮ್ ಒಂದೇ ದಾರಿ. ಸ್ಕ್ಯಾನ್ ಮಾಡಿದ ಸುತ್ತೋಲೆಗೂ ಅಷ್ಟೆ: ಅದು ಚಿತ್ರ, ಅದರಲ್ಲಿ ಹಿಗ್ಗಿಸಲು ಅಕ್ಷರವೇ ಇಲ್ಲ.

6. ಅಳತೆ ಅಳಿಸಿಹೋಗುವ ದಾರಿಗಳನ್ನು ಮುಚ್ಚಿ.

ಮನೆಯ ಹುಡುಗರು ಬಂದು "ಕ್ಲೀನ್ ಮಾಡ್ತೀನಿ ತಾತ" ಎಂದು ಹಿಸ್ಟರಿ ಅಳಿಸುತ್ತಾರೆ. ಆಗ `Site settings` ಎಂಬುದಕ್ಕೂ ಗುರುತು ಬಿದ್ದಿದ್ದರೆ ತಾಣವಾರು ಝೂಮ್ ಎಲ್ಲ ಹೋಗಿ ತಳದ 150% ಮಾತ್ರ ಉಳಿಯುತ್ತದೆ. ಖಾಸಗಿ ಕಿಟಕಿಯಲ್ಲಿ ಬದಲಿಸಿದ ಝೂಮ್ ಆ ಕಿಟಕಿಯ ಜೊತೆಗೇ ಹೋಗುತ್ತದೆ. ಬ್ಯಾಂಕಿಗೆ ಖಾಸಗಿ ಕಿಟಕಿಯೇ ಸುರಕ್ಷಿತ ಎಂದು ಯಾರೋ ಹೇಳಿಕೊಟ್ಟಿದ್ದರಿಂದ ಮೇಷ್ಟ್ರು ದಿನಾ ಅಳತೆಯನ್ನು ಹೊಸದಾಗಿ ಹೊಂದಿಸುತ್ತಿದ್ದರು. ಅವರು ಮಾತ್ರ ಬಳಸುವ ಲ್ಯಾಪ್‌ಟಾಪ್ ಅದು. ಸಾಮಾನ್ಯ ಕಿಟಕಿಯಲ್ಲೇ ತೆರೆದು, ಪಾಸ್‌ವರ್ಡ್ ಉಳಿಸದೆ, ಕೊನೆಗೆ ಲಾಗ್‌ಔಟ್ ಮಾಡಿ ಎಂದೆ. ಬ್ಯಾಂಕಿನ 133% ಆಮೇಲೆ ಕದಲಲಿಲ್ಲ.