ಬ್ಯಾಂಕಿನ ಶುಲ್ಕ ಪ್ರಕಟಣೆಯನ್ನು ತಿದ್ದಿ ಬರೆಯುವುದು

ಪತ್ರಲೇಖನದ ಅವಧಿಯಲ್ಲಿ ಈ ಪ್ರಕಟಣೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಇದು ಪಾಠಕ್ಕೆಂದೇ ರಚಿಸಿದ್ದು; ಆದರೂ ಇಂಥ ಶೈಲಿ ಎಲ್ಲರಿಗೂ ಪರಿಚಿತವೇ.

“ಸೇವೆಯ ಗುಣಮಟ್ಟವನ್ನು ಉನ್ನತೀಕರಿಸುವ ದೃಷ್ಟಿಯಿಂದ, ರಿಸರ್ವ್ ಬ್ಯಾಂಕಿನ ಸೂಚನೆಯನ್ವಯ, ಉಚಿತ ಮಿತಿಯನ್ನು ಮೀರಿದ ಎಟಿಎಂ ವ್ಯವಹಾರಗಳ ಶುಲ್ಕವನ್ನು 2025ರ ಮೇ 1ರಿಂದ ಪರಿಷ್ಕರಿಸಲಾಗಿದೆ. ತೆರಿಗೆ ಪ್ರತ್ಯೇಕ.”

ವ್ಯಾಕರಣದ ದೋಷ ಇದರಲ್ಲಿಲ್ಲ. ಆದರೆ ‘ಪರಿಷ್ಕರಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗವು ಶುಲ್ಕ ಏರಿತೋ ಇಳಿಯಿತೋ ಎಂಬುದನ್ನೂ, ಹಾಗೆ ಮಾಡಿದವರು ಯಾರೆಂಬುದನ್ನೂ ಮರೆಮಾಡುತ್ತದೆ. ರಿಸರ್ವ್ ಬ್ಯಾಂಕ್ ಆ ದಿನದಿಂದ ಶುಲ್ಕದ ಗರಿಷ್ಠ ಮಿತಿಯನ್ನು 21 ರೂಪಾಯಿಯಿಂದ 23 ರೂಪಾಯಿಗೆ ಏರಿಸಿತು. ಅಷ್ಟನ್ನು ವಸೂಲು ಮಾಡಲೇಬೇಕೆಂದು ಹೇಳಲಿಲ್ಲ. ಪೂರ್ಣ ಮಿತಿಯವರೆಗೆ ಹೋಗುವ ತೀರ್ಮಾನ ಬ್ಯಾಂಕಿನದೇ. ಆದುದರಿಂದ ‘ಸೂಚನೆಯನ್ವಯ’ ಎಂಬುದು ಅರ್ಧಸತ್ಯ. ಗುಣಮಟ್ಟದ ಮಾತನ್ನಂತೂ ಹೊಡೆದುಹಾಕಬಹುದು.

ಇನ್ನು ಪರಿಣಾಮ. ಬೇರೆ ಬ್ಯಾಂಕಿನ ಎಟಿಎಂಗಳಲ್ಲಿ ತಿಂಗಳಿಗೆ ಐದು ವ್ಯವಹಾರಗಳು ಉಚಿತ. ಬೆಂಗಳೂರಿನಂಥ ಮಹಾನಗರದಲ್ಲಿ ಮೂರು ಮಾತ್ರ. ಹೊಸೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗುವವರೊಬ್ಬರು ಅಲ್ಲಿಯ ಬೇರೆ ಬ್ಯಾಂಕಿನ ಎಟಿಎಂನಿಂದ ತಿಂಗಳಲ್ಲಿ ಆರು ಬಾರಿ ಐನೂರರಂತೆ ತೆಗೆದರೆ ಮೂರು ಬಾರಿ ಶುಲ್ಕ ಬೀಳುತ್ತದೆ. 18 ಶೇಕಡಾ ಜಿಎಸ್‌ಟಿ ಸೇರಿ ಪ್ರತಿ ಬಾರಿ 24.78 ರೂಪಾಯಿ ಇದ್ದದ್ದು ಈಗ 27.14. ಏರಿಕೆ ಅಲ್ಪವೆನಿಸೀತು; ಆದರೆ ಐನೂರಕ್ಕೆ ಅದು ನೂರಕ್ಕೆ ಐದು ರೂಪಾಯಿಗೂ ಮಿಕ್ಕಿದ ಹೊರೆ. ಐದು ಸಾವಿರ ತೆಗೆಯುವವರಿಗೆ ನೂರಕ್ಕೆ ಸುಮಾರು ಐವತ್ತು ಪೈಸೆ. ಸಣ್ಣ ಮೊತ್ತ ತೆಗೆಯುವವರೇ ಹೆಚ್ಚು ತೆರುತ್ತಾರೆಂಬುದನ್ನು ಮೂಲ ಪ್ರಕಟಣೆ ಎಲ್ಲಿಯೂ ಸೂಚಿಸುವುದಿಲ್ಲ.

ತಿದ್ದಿದ ರೂಪ ಹೀಗಿರಬಹುದು. ಒಂದೊಂದು ಪರಿಚ್ಛೇದಕ್ಕೆ ಒಂದೇ ಸಂಗತಿ:

“2025ರ ಮೇ 1ರಿಂದ ನಾವು ಎಟಿಎಂ ಶುಲ್ಕವನ್ನು ಏರಿಸುತ್ತಿದ್ದೇವೆ. ಉಚಿತ ಮಿತಿ ಮುಗಿದ ಮೇಲೆ ಹಣ ತೆಗೆದರೆ, ತೆರಿಗೆ ಸೇರಿ ಪ್ರತಿ ಬಾರಿ 27.14 ರೂಪಾಯಿ ಕಡಿತವಾಗುತ್ತದೆ. ಈವರೆಗೆ ಇದು 24.78 ರೂಪಾಯಿ ಇತ್ತು.

ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವ್ಯವಹಾರ ಉಚಿತ. ಮಹಾನಗರದಲ್ಲಿ ಮೂರು ಮಾತ್ರ. ನಮ್ಮ ಎಟಿಎಂನಲ್ಲಿ ಐದು ಉಚಿತ.

ಶಿಲ್ಕು ನೋಡಿದರೂ ಒಂದು ವ್ಯವಹಾರವೆಂದೇ ಲೆಕ್ಕ.

ಸಣ್ಣ ಮೊತ್ತವನ್ನು ಹಲವು ಬಾರಿ ತೆಗೆಯುವವರಿಗೆ ಈ ಏರಿಕೆಯ ಹೊರೆ ಹೆಚ್ಚು.

ರಿಸರ್ವ್ ಬ್ಯಾಂಕ್ ಗರಿಷ್ಠ ಮಿತಿಯನ್ನು ಮಾತ್ರ ನಿಗದಿಪಡಿಸಿದೆ. ಆ ಮಿತಿಯವರೆಗೂ ಶುಲ್ಕ ಪಡೆಯುವ ನಿರ್ಧಾರ ನಮ್ಮದು.”

ಕೆಲವು ವಿದ್ಯಾರ್ಥಿಗಳು ‘ಅನ್ಯಾಯದ ಶುಲ್ಕ’ ಎಂದು ಬರೆದಾರು. ಅದು ದೂರುಪತ್ರದ ಭಾಷೆ. ಪ್ರಕಟಣೆಯಲ್ಲಿ ಅಂಕಿಯೇ ಮಾತಾಡಲಿ.

ಬರೆದದ್ದನ್ನು ಪರೀಕ್ಷಿಸಲು, ಮೂಲವನ್ನು ಕಾಣದ ಬೇರೊಂದು ತರಗತಿಗೆ ತಿದ್ದಿದ ಪ್ರತಿಯನ್ನು ಕೊಟ್ಟು ಈ ಲೆಕ್ಕ ಕೇಳಿ: ಒಬ್ಬರು ಬೆಂಗಳೂರಿನಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಮೊದಲು ಎರಡು ಬಾರಿ ಶಿಲ್ಕು ನೋಡಿ, ಆಮೇಲೆ ಮೂರು ಬಾರಿ ಹಣ ತೆಗೆದರೆ ಎಷ್ಟು ಕಡಿತ? ಉತ್ತರ 54.28 ರೂಪಾಯಿ. ‘ಏನೂ ಇಲ್ಲ’ ಎಂಬ ಉತ್ತರ ಹೆಚ್ಚಾಗಿ ಬಂದರೆ ಶಿಲ್ಕಿನ ವಾಕ್ಯ ಕಣ್ಣಿಗೆ ಬಿದ್ದಿಲ್ಲವೆಂದು ತಿಳಿದು, ಅದನ್ನು ಎರಡನೆಯ ಪರಿಚ್ಛೇದಕ್ಕಿಂತ ಮೇಲಕ್ಕೆ ತಂದು ಮತ್ತೆ ಬರೆಸಿರಿ.