ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತು

ಬೆಳಗಿನ ಜಾವ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿದೊಡನೆ ಕೋಣೆಯೆಲ್ಲ ಗಿರ್ರನೆ ತಿರುಗತೊಡಗುತ್ತದೆ. ಕಣ್ಣು ಮುಚ್ಚಿಕೊಂಡರೂ ಸುತ್ತುವಿಕೆ ನಿಲ್ಲುವುದಿಲ್ಲ, ಹೊಟ್ಟೆ ತೊಳಸಿದಂತಾಗುತ್ತದೆ. ಅಲ್ಲಾಡದೆ ಮಲಗಿದರೆ ಅರ್ಧ ನಿಮಿಷದಲ್ಲಿ ಎಲ್ಲವೂ ಶಾಂತವಾಗುತ್ತದೆ. ಅಟ್ಟದ ಮೇಲಿನ ಡಬ್ಬಿಗಾಗಿ ತಲೆ ಎತ್ತಿದಾಗಲೋ ನಮಸ್ಕರಿಸಲು ಬಾಗಿದಾಗಲೋ ಅದು ಮತ್ತೆ ಬರುತ್ತದೆ. ಇದನ್ನು ಕೆಲವರು ಪಿತ್ತವೆಂದೂ, ಕೆಲವರು ರಕ್ತದೊತ್ತಡವೆಂದೂ ತಿಳಿಯುತ್ತಾರೆ. ಆಯುರ್ವೇದವು ‘ಭ್ರಮ’ ಎಂದು ಕರೆಯುವ ಈ ಲಕ್ಷಣಕ್ಕೆ ಕಾರಣಗಳು ಹಲವು. ಆದರೆ ಮಗ್ಗುಲು ಬದಲಿಸಿದಾಗ ಬಂದು, ಒಂದು ನಿಮಿಷದೊಳಗೆ ನಿಲ್ಲುವ ತಲೆಸುತ್ತಿನ ಮೂಲವು ಬಹುತೇಕ ಒಳಕಿವಿಯಲ್ಲಿರುತ್ತದೆ.

ಒಳಕಿವಿಯಲ್ಲಿ ಆಗುವುದೇನು?

ಒಳಕಿವಿಯು ಶಬ್ದವನ್ನು ಗ್ರಹಿಸುವುದಲ್ಲದೆ ದೇಹದ ಸಮತೋಲವನ್ನೂ ಕಾಯುತ್ತದೆ. ಅಲ್ಲಿರುವ ಒಂದು ಪುಟ್ಟ ಚೀಲದೊಳಗೆ ಸುಣ್ಣದ ಅಂಶದಿಂದಾದ ಅತಿಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ಅದರ ಪಕ್ಕದಲ್ಲಿಯೇ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ತಿರುಗಿದಾಗ ಈ ದ್ರವ ಚಲಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ವಯಸ್ಸಾದಂತೆ, ಇಲ್ಲವೆ ತಲೆಗೆ ಪೆಟ್ಟು ಬಿದ್ದಾಗ, ಹರಳುಗಳು ಕಳಚಿ ನಾಳದೊಳಗೆ ಸೇರುತ್ತವೆ. ಸಾಮಾನ್ಯವಾಗಿ ಹಿಂಬದಿಯ ನಾಳದಲ್ಲಿಯೇ ಅವು ಸೇರುವುದು. ನಾವು ಹೊರಳಿದಾಗ ಹರಳುಗಳು ಜಾರಿ ದ್ರವವನ್ನು ಎಳೆಯುತ್ತವೆ. ತಲೆ ನಿಂತರೂ ದ್ರವ ಚಲಿಸುತ್ತಿರುವುದರಿಂದ, ತಲೆ ಇನ್ನೂ ತಿರುಗುತ್ತಿದೆಯೆಂದು ಮೆದುಳು ಭಾವಿಸುತ್ತದೆ. ಹರಳುಗಳು ತಳ ಸೇರಿದೊಡನೆ ಸುತ್ತು ನಿಲ್ಲುತ್ತದೆ.

ರಕ್ತದೊತ್ತಡ ಇಳಿದು ಬರುವ ತಲೆಸುತ್ತು ಬೇರೆ. ಅದು ಮಲಗಿದವರು ಎದ್ದು ನಿಂತಾಗ ಬರುತ್ತದೆ. ಕಣ್ಣು ಕತ್ತಲೆಗಟ್ಟುತ್ತದೆಯೇ ಹೊರತು ಕೋಣೆ ತಿರುಗುವುದಿಲ್ಲ. ಮಲಗಿದಲ್ಲಿಯೇ ಹೊರಳುವಾಗ ತಲೆಯು ಹೃದಯಕ್ಕಿಂತ ಮೇಲೇರುವುದಿಲ್ಲವಾದ್ದರಿಂದ, ಆಗ ಬರುವ ಸುತ್ತಿಗೆ ರಕ್ತದೊತ್ತಡವನ್ನು ದೂರುವುದು ಸಲ್ಲದು.

ಒಂದು ಉದಾಹರಣೆ

58 ವರ್ಷದ ತಾಯಿಯೊಬ್ಬರು ಹನ್ನೆರಡು ದಿನಗಳಿಂದ ಈ ಸುತ್ತಿನಿಂದ ಬಳಲುತ್ತಿದ್ದರು. ರಕ್ತದೊತ್ತಡ ತೀರ ಇಳಿದಿದೆಯೆಂದು ತಾವೇ ಎಣಿಸಿ, ನಿತ್ಯದ ಮಾತ್ರೆಯನ್ನು ಬಿಟ್ಟು ಉಪ್ಪು ಬೆರೆಸಿದ ನಿಂಬೆಪಾನಕ ಕುಡಿಯುತ್ತಿದ್ದರು. ಪರೀಕ್ಷಿಸಿದಾಗ ಒತ್ತಡ 170/100 ಇತ್ತು. ತಲೆಸುತ್ತಿಗಿಂತ ಈ ತಪ್ಪು ತಿಳಿವಳಿಕೆಯೇ ಅವರಿಗೆ ಹೆಚ್ಚು ಅಪಾಯಕಾರಿಯಾಗಿತ್ತು. ಅವರನ್ನು ಕುಳ್ಳಿರಿಸಿ, ತಲೆಯನ್ನು ಬಲಕ್ಕೆ ಅರೆ ತಿರುಗಿಸಿ, ಬೇಗನೆ ಅಂಗಾತ ಮಲಗಿಸಿದೆವು. ನಾಲ್ಕೈದು ಕ್ಷಣಗಳ ತರುವಾಯ ಕಣ್ಣುಗುಡ್ಡೆಗಳು ಅದುರಿ ಸುತ್ತು ಬಂದು, ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ನಿಂತಿತು. ಎಡಕ್ಕೆ ಹಾಗೆಯೇ ಮಾಡಿದಾಗ ಏನೂ ಆಗಲಿಲ್ಲ. ತೊಂದರೆ ಬಲಗಿವಿಯದೆಂದು ಇದರಿಂದ ಖಚಿತವಾಯಿತು. ಕೆಳಗೆ ವಿವರಿಸಿದ ಕ್ರಮವನ್ನು ಎರಡು ಬಾರಿ ಮಾಡಿಸಿದ ಮೇಲೆ ಸುತ್ತು ನಿಂತಿತು. ನಡೆಯುವಾಗ ತೇಲಿದಂತಹ ಅನುಭವ ಮೂರು ದಿನ ಉಳಿದು ಮಾಯವಾಯಿತು. ಒತ್ತಡದ ಮಾತ್ರೆಯನ್ನು ಮತ್ತೆ ಆರಂಭಿಸಲಾಯಿತು.

ಹರಳುಗಳನ್ನು ಸ್ವಸ್ಥಾನಕ್ಕೆ ಮರಳಿಸುವ ಕ್ರಮ

ಇದನ್ನು ರೂಪಿಸಿದವರು ಅಮೆರಿಕದ ವೈದ್ಯ ಜಾನ್ ಎಪ್ಲಿ. ಹರಳುಗಳನ್ನು ನಾಳದ ತಿರುವಿನುದ್ದಕ್ಕೂ ಜಾರಿಸಿ ಮೂಲ ಚೀಲಕ್ಕೆ ಸೇರಿಸುವುದು ಇದರ ಉದ್ದೇಶ. ಯಾವ ಕಿವಿಯೆಂಬುದನ್ನು ವೈದ್ಯರು ನಿರ್ಧರಿಸಿ, ಮೊದಲ ಬಾರಿ ಅವರೇ ಮಾಡಿಸುವುದು ಲೇಸು. ಬಲಗಿವಿಯ ತೊಂದರೆಗೆ ಕ್ರಮ ಹೀಗಿದೆ:

1. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಮಲಗಿದಾಗ ಹೆಗಲಿನ ಕೆಳಗೆ ಬರುವಂತೆ ಹಿಂದೆ ದಿಂಬು ಇಡಿ. ಮುಖವನ್ನು ಬಲಕ್ಕೆ ಅರೆ, ಎಂದರೆ 45 ಡಿಗ್ರಿ ತಿರುಗಿಸಿ.

2. ಹಾಗೆಯೇ ಬೇಗನೆ ಅಂಗಾತ ಮಲಗಿ. ತಲೆಯು ಹೆಗಲಿಗಿಂತ ತುಸು ಕೆಳಗೆ ಹಿಂದಕ್ಕೆ ಬಾಗಿರಲಿ. ಸುತ್ತು ಬಂದೇ ಬರುತ್ತದೆ, ಏಳಬೇಡಿ. ಅದು ನಿಂತ ಮೇಲೂ 30 ಸೆಕೆಂಡು ಹಾಗೆಯೇ ಇರಿ.

3. ತಲೆಯನ್ನು ಎತ್ತದೆ, ಮುಖವನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ. ಮತ್ತೆ 30 ಸೆಕೆಂಡು ಕಾಯಿರಿ.

4. ಇಡೀ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲವನ್ನು ನೋಡುವಂತೆ ಮುಖವನ್ನು ಇನ್ನಷ್ಟು ತಿರುಗಿಸಿ. ಮತ್ತೆ 30 ಸೆಕೆಂಡು.

5. ಗದ್ದವನ್ನು ಎದೆಯತ್ತ ಬಾಗಿಸಿಕೊಂಡು, ಎಡಬದಿಯಿಂದಲೇ ನಿಧಾನವಾಗಿ ಎದ್ದು ಕುಳಿತುಕೊಳ್ಳಿ. ಕೆಲವು ನಿಮಿಷ ಕುಳಿತೇ ಇರಿ.

ಎಡಗಿವಿಯಾದರೆ ಎಡ-ಬಲಗಳನ್ನು ಅದಲುಬದಲಾಗಿಸಬೇಕು. ದಿನವೂ ಮಲಗುವ ಮುನ್ನ ಮೂರು ಬಾರಿ ಮಾಡಿ. 24 ಗಂಟೆ ಸುತ್ತು ಬಾರದಿದ್ದರೆ ನಿಲ್ಲಿಸಿ. ಪಕ್ಕದಲ್ಲಿ ಮನೆಯವರೊಬ್ಬರು ಇರಲಿ.

ಫಲ ಸಿಗದಿರುವುದಕ್ಕೆ ಒಂದು ಕಾರಣ: ಸುತ್ತಿಗೆ ಅಂಜಿ ಎರಡನೆಯ ಹಂತದಲ್ಲಿಯೇ ಎದ್ದುಬಿಡುವುದು. ಆಗ ಹರಳುಗಳು ಹಿಂದಕ್ಕೆ ಜಾರುತ್ತವೆ. ದಿಂಬನ್ನು ತಲೆಯ ಕೆಳಗೆ ಇಟ್ಟರೂ ಅಷ್ಟೇ; ತಲೆ ಹಿಂದಕ್ಕೆ ಬಾಗುವುದಿಲ್ಲ. ಎರಡೂ ಮಗ್ಗುಲಿಗೆ ಹೊರಳಿದಾಗ ಸುತ್ತು ಜೋರಾಗಿ ಬರುವುದಾದರೆ ಹರಳುಗಳು ಬೇರೆ ನಾಳದಲ್ಲಿರಬಹುದು. ಅದಕ್ಕೆ ಬೇರೆ ಕ್ರಮವಿದೆ, ವೈದ್ಯರನ್ನು ಕಾಣಬೇಕು. ಒಂದು ವಾರದಲ್ಲಿ ಗುಣ ಕಾಣದಿದ್ದರೂ ಹಾಗೆಯೇ.

ಕುತ್ತಿಗೆಯ ಮೂಳೆ ಸವೆತ ತೀವ್ರವಾಗಿರುವವರು, ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದವರು, ಕುತ್ತಿಗೆಯ ರಕ್ತನಾಳ ಕಿರಿದಾಗಿರುವವರು, ಇತ್ತೀಚೆಗೆ ಪಾರ್ಶ್ವವಾಯು ಆದವರು, ಕಣ್ಣಿನ ಅಕ್ಷಿಪಟಲ ಕಳಚಿದವರು ಇದನ್ನು ಮನೆಯಲ್ಲಿ ಮಾಡಲೇಬಾರದು.

ಔಷಧದ ಮಾತು. ವಾಂತಿ ಹೆಚ್ಚಾದಾಗ ಒಂದೆರಡು ದಿನದ ಮಾತ್ರೆ ಉಪಯುಕ್ತ. ಆದರೆ ಆಯುರ್ವೇದದ ಕಷಾಯವಾಗಲಿ ಅಲೋಪತಿಯ ಮಾತ್ರೆಯಾಗಲಿ ಜಾರಿದ ಹರಳನ್ನು ಸ್ವಸ್ಥಾನಕ್ಕೆ ತರಲಾರವು. ತಲೆಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದ ವೃದ್ಧರಲ್ಲಿ ಮಂಪರು, ನಡಿಗೆಯ ತೊಡಕು ಉಂಟಾಗಿ ಬೀಳುವ ಸಂಭವ ಹೆಚ್ಚುತ್ತದೆ. ತೊಂದರೆ ಮರುಕಳಿಸುವುದುಂಟು, ಆಗ ಅದೇ ಕ್ರಮ ಮತ್ತೆ ಉಪಯೋಗಕ್ಕೆ ಬರುತ್ತದೆ. ಪದೇ ಪದೇ ಬರುವವರು ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು.

ಅಪಾಯದ ಸೂಚನೆಗಳು

ಮೆದುಳಿನ ಹಿಂಭಾಗಕ್ಕೆ ರಕ್ತ ಹರಿಯುವುದು ನಿಂತಾಗಲೂ ತಲೆ ಸುತ್ತುತ್ತದೆ. ಅಲ್ಲಾಡದೆ ಮಲಗಿದರೂ ಸುತ್ತು ಗಂಟೆಗಟ್ಟಲೆ ನಿಲ್ಲದಿರುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು ಅಥವಾ ಜೋಮು ಹಿಡಿಯುವುದು, ಹಿಂದೆಂದೂ ಇಲ್ಲದ ತಲೆನೋವು ಅಥವಾ ಕುತ್ತಿಗೆ ನೋವು ಬರುವುದು, ಪ್ರಜ್ಞೆ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಮೇಲಿನ ಕ್ರಮವನ್ನು ಮಾಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಕೈಕಾಲಿನಲ್ಲಿ ಶಕ್ತಿಯಿದ್ದರೂ ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅದೂ ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ಸುತ್ತು ಎಷ್ಟು ಹೊತ್ತಿಗೆ ಶುರುವಾಯಿತೆಂಬುದನ್ನು ಗುರುತು ಹಾಕಿಕೊಂಡು ವೈದ್ಯರಿಗೆ ತಿಳಿಸಿ. ಸುತ್ತಿನೊಡನೆ ಒಂದು ಕಿವಿ ಹಠಾತ್ತನೆ ಕೇಳಿಸದಂತಾದರೆ ಅಂದೇ ಕಿವಿಯ ತಜ್ಞರನ್ನು ಕಾಣಿರಿ.