ಹತ್ತು, ಮತ್ತೆ ಹತ್ತು: ಕೈಗೆ ಸಿಗುವುದು ಹತ್ತೊಂಬತ್ತೇ

ಆಷಾಢದಲ್ಲಿ ಮದುವೆ–ಮುಂಜಿಗಳಿರುವುದಿಲ್ಲ, ಬಟ್ಟೆ ಅಂಗಡಿಗಳಲ್ಲಿ ವ್ಯಾಪಾರ ತಣ್ಣಗಿರುತ್ತದೆ. ಶ್ರಾವಣಕ್ಕೆ ಹೊಸ ಸರಕು ಬರುವ ಮೊದಲು ಹಳೆಯದನ್ನು ಖಾಲಿ ಮಾಡಬೇಕಲ್ಲ, ಅದಕ್ಕೇ ರಿಯಾಯಿತಿಯ ಬ್ಯಾನರ್‌ಗಳು ಏಳುತ್ತವೆ. ಅವುಗಳಲ್ಲಿ ‘10% + 10%’ ಎಂದು ಬರೆದದ್ದನ್ನು ಕಂಡೊಡನೆ ಮನಸ್ಸು ಇಪ್ಪತ್ತು ಎಂದು ಕೂಡಿಬಿಡುತ್ತದೆ. ಬಿಲ್ ಕೈಗೆ ಬಂದಾಗ ಲೆಕ್ಕ ತಾಳೆಯಾಗುವುದಿಲ್ಲ.

5,000 ರೂಪಾಯಿಯ ಒಂದು ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಿ. ಮೊದಲ ಶೇ 10ರ ರಿಯಾಯಿತಿ ಎಂದರೆ 500 ರೂಪಾಯಿ, ಉಳಿದದ್ದು 4,500. ಎರಡನೆಯ ಶೇ 10 ಬೀಳುವುದು ಈ 4,500ರ ಮೇಲೆ, ಬೆಲೆಚೀಟಿಯಲ್ಲಿದ್ದ 5,000ದ ಮೇಲಲ್ಲ. ಅಲ್ಲಿ ಕಡಿತವಾಗುವುದು 450. ಕೊನೆಗೆ ನೀವು ಕೊಡುವುದು 4,050. ನೇರವಾಗಿ ಶೇ 20 ಬಿಟ್ಟಿದ್ದರೆ 4,000 ಕೊಟ್ಟರೆ ಸಾಕಿತ್ತು.

ಆ 50 ರೂಪಾಯಿ ಎಲ್ಲಿ ಹೋಯಿತು? ಮೊದಲ ಸುತ್ತಿನಲ್ಲೇ ಬಿಲ್‌ನಿಂದ ಹೊರಗೆ ಹೋದ 500 ರೂಪಾಯಿ ಇದೆಯಲ್ಲ, ಅದಕ್ಕೆ ಎರಡನೆಯ ರಿಯಾಯಿತಿ ಸಿಗಲಿಲ್ಲ. ಆ 500ರ ಶೇ 10 ಎಂದರೆ ಸರಿಯಾಗಿ 50. ಅಂಗಡಿಯವರು ಮೋಸ ಮಾಡಿದ್ದಾರೆಂದು ಇದರಿಂದ ಹೇಳಲಾಗದು, ಶೇಕಡಾ ಲೆಕ್ಕ ನಡೆಯುವುದೇ ಹಾಗೆ. ಆದರೆ ಇದನ್ನು ಶೇ 20 ಎಂದು ಬಾಯಿಮಾತಿನಲ್ಲಿ ಹೇಳಿ ಮಾರಿದರೆ ಅದು ತಪ್ಪು. ನಿಜವಾದ ರಿಯಾಯಿತಿ ಶೇ 19.

ಅಂಗಡಿಯಲ್ಲಿ ನಿಂತಲ್ಲೇ ಇದನ್ನು ಲೆಕ್ಕ ಹಾಕಬಹುದು. ಮೊದಲು ಎರಡೂ ಶೇಕಡಾಗಳನ್ನು ಕೂಡಿ. ಆಮೇಲೆ ಅವೆರಡನ್ನು ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು ಆ ಮೊತ್ತದಿಂದ ಕಳೆಯಿರಿ. 10ಕ್ಕೆ 10 ಕೂಡಿದರೆ 20. ಹತ್ತು ಹತ್ತಲ ನೂರು, ನೂರರಿಂದ ಭಾಗಿಸಿದರೆ 1. ಇಪ್ಪತ್ತರಲ್ಲಿ ಒಂದು ಕಳೆದರೆ 19. ಮೊಬೈಲ್ ಇದ್ದರೆ ಇನ್ನೂ ಸುಲಭ, ಹೀಗೆ ಒತ್ತಿದರಾಯಿತು:

```
5000 × 0.9 × 0.9 = 4050
```

ಶೇ 10 ಬಿಟ್ಟರೆ ಉಳಿಯುವುದು ಶೇ 90, ಅದೇ 0.9. ಶೇ 20 ಆದರೆ 0.8, ಶೇ 50 ಆದರೆ 0.5.

ಶೇಕಡಾ ಚಿಕ್ಕದಿದ್ದಾಗ ವ್ಯತ್ಯಾಸ ಅಲ್ಪ. ದೊಡ್ಡದಾದಂತೆ ಅದು ಜೇಬಿಗೆ ತಟ್ಟುತ್ತದೆ. ‘50% + 20%’ ಎಂಬ ಬೋರ್ಡನ್ನು ಎಪ್ಪತ್ತೆಂದು ನಂಬಿದವರು 5,000ದ ಸೀರೆಗೆ 1,500 ಕೊಡಲು ಸಿದ್ಧರಾಗಿ ಹೋಗುತ್ತಾರೆ. ಬಿಲ್ ಆಗುವುದು 2,000. ಸಿಕ್ಕಿದ್ದು ಶೇ 60.

ಯಾವ ಶೇಕಡಾ ಮೊದಲು, ಯಾವುದು ಆಮೇಲೆ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ, ಹೇಗೆ ಮಾಡಿದರೂ ಉತ್ತರ ಒಂದೇ. ಆದರೆ ಶೇಕಡಾದ ಜೊತೆಗೆ ಇಂತಿಷ್ಟು ರೂಪಾಯಿಯ ಕೂಪನ್ ಇದ್ದರೆ ಮಾತು ಬೇರೆ. ನಿಮ್ಮ ಬಳಿ 500 ರೂಪಾಯಿಯ ಕೂಪನ್ ಇದೆ, ಅಂಗಡಿ ಶೇ 10 ಬಿಡುತ್ತಿದೆ ಎನ್ನೋಣ. ಕೂಪನ್ ಮೊದಲು ಕಳೆದರೆ 4,500, ಅದರಲ್ಲಿ ಶೇ 10 ಹೋಗಿ 4,050. ಶೇ 10 ಮೊದಲು ಕಳೆದು ಕೂಪನ್ ಆಮೇಲೆ ಕೊಟ್ಟರೆ 4,000. ಆದ್ದರಿಂದ ಶೇಕಡಾ ಮೊದಲು, ಕೂಪನ್ ಕೊನೆಗೆ ಎಂದು ಕೇಳುವುದೇ ಗ್ರಾಹಕರಿಗೆ ಲಾಭ. ನಿಯಮ ಹಾಗಿಲ್ಲವೆಂದು ಅಂಗಡಿಯವರು ಹೇಳಬಹುದು, ಕೇಳಲು ನಷ್ಟವೇನಿಲ್ಲ.

ಎರಡನೆಯ ಶೇ 10 ಬ್ಯಾಂಕ್ ಕಾರ್ಡಿನದಾದರೆ ಅದಕ್ಕೆ ಸಾಮಾನ್ಯವಾಗಿ ಮಿತಿಯೊಂದಿರುತ್ತದೆ. ಗರಿಷ್ಠ 300 ರೂಪಾಯಿ ಎಂದು ಸಣ್ಣ ಅಕ್ಷರದಲ್ಲಿದ್ದರೆ, 4,500ರ ಬಿಲ್ಲಿನಲ್ಲಿ 450 ಸಿಗುವುದಿಲ್ಲ. ನೀವು ಕೊಡುವುದು 4,200, ಒಟ್ಟು ರಿಯಾಯಿತಿ ಶೇ 16ಕ್ಕೆ ಇಳಿಯಿತು.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಸೇಲ್‌ಗೆ ಮುಂಚೆ ಬೆಲೆಯನ್ನು ಶೇ 20 ಏರಿಸಿ, ಆಮೇಲೆ ಶೇ 20 ಬಿಟ್ಟರೆ ವಸ್ತು ಹಳೆಯ ಬೆಲೆಗಿಂತ ಅಗ್ಗವೇ ಆಗಿರುತ್ತದೆ: 5,000 ಇದ್ದದ್ದು 6,000 ಆಗಿ, 4,800ಕ್ಕೆ ಬರುತ್ತದೆ. ಬೋರ್ಡಿನಲ್ಲಿ ಶೇ 20, ನಿಜಕ್ಕೆ ಶೇ 4. ಹಳೆಯ ಬೆಲೆ ಗೊತ್ತಿಲ್ಲದೆ ಇದನ್ನು ಪತ್ತೆ ಮಾಡಲಾಗದು. ಹಾಗಾಗಿ ಕೊಳ್ಳಬೇಕೆಂದಿರುವ ವಸ್ತುವಿನ ಬೆಲೆಯನ್ನು ತಿಂಗಳ ಮೊದಲೇ ಬರೆದಿಟ್ಟುಕೊಳ್ಳಿ.

ಹಣ ಕೊಡುವ ಮುನ್ನ ‘ಎರಡನೇ ಹತ್ತು ಯಾವುದರ ಮೇಲೆ, ಬೆಲೆಚೀಟಿಯ ಮೇಲೋ ಬಿಲ್ಲಿನ ಮೇಲೋ?’ ಎಂದು ಕೇಳಿ. ಬೋರ್ಡಿನಲ್ಲಿ ಸ್ಪಷ್ಟವಾಗಿ ಶೇ 20 ಎಂದಿದ್ದು ಬಿಲ್ಲಿನಲ್ಲಿ ಶೇ 19 ಮಾತ್ರ ಕಳೆದಿದ್ದರೆ ಬೋರ್ಡಿನ ಫೋಟೊ ತೆಗೆದು, ಬಿಲ್ ಜೋಪಾನ ಮಾಡಿ. ಅಂಗಡಿಯವರು ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.